ಕಪ್ಪಾಗಿ ಕಂಡ ಕೆಂಪು

ನೂರು ವರ್ಷದ ಆಸುಪಾಸಿನ ಸ್ಟುಡಿಯೊ ಫೋಟೊಗಳಲ್ಲಿ ಮುತ್ತೈದೆಯರ ಹಣೆಯನ್ನು ಗಮನಿಸಿ ನೋಡಿ. ಕುಂಕುಮ ಸಾಮಾನ್ಯವಾಗಿ ಬೂದಾಗಿರುವುದಿಲ್ಲ, ಕಪ್ಪಾಗಿರುತ್ತದೆ. ಕಾಡಿಗೆಯಷ್ಟೇ ಕಪ್ಪು. ಇಂದಿನ ಮೊಬೈಲಿನಲ್ಲಿ ಅದೇ ಕುಂಕುಮವನ್ನು ಕಪ್ಪು-ಬಿಳುಪಾಗಿ ತೆಗೆದರೆ ಅದು ಅಷ್ಟು ಕಪ್ಪಾಗುವುದಿಲ್ಲ, ಬೂದಾಗಿ ಬರುತ್ತದೆ. ಒಂದೇ ಕುಂಕುಮ ಅಲ್ಲಿ ಕಪ್ಪು, ಇಲ್ಲಿ ಬೂದು ಆಗುವುದು ಯಾಕೆ ಎಂಬುದು ಗೊತ್ತಾಗದೆ ಮನೆಯ ಹಳೆಯ ಫೋಟೊಕ್ಕೆ ಬಣ್ಣ ಹಚ್ಚಲು ಕೂತರೆ, ಸೀರೆಯ ಬಣ್ಣವೂ ತಪ್ಪುತ್ತದೆ, ಮೈಬಣ್ಣವೂ ತಪ್ಪುತ್ತದೆ.

ಕಾರಣ ಆ ಕಾಲದ ಗಾಜಿನ ಪ್ಲೇಟಿನಲ್ಲಿದೆ. ಮೊದಮೊದಲ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. 1873ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಹರ್ಮನ್ ಫೋಗೆಲ್, ಪ್ಲೇಟಿನ ಲೇಪಕ್ಕೆ ಕೆಲವು ವರ್ಣದ್ರವ್ಯ ಸೇರಿಸಿದರೆ ಅದಕ್ಕೆ ಹಸಿರೂ ಕಾಣುತ್ತದೆ ಎಂದು ಕಂಡುಕೊಂಡರು. ಹೀಗೆ ಬಂದದ್ದು ಆರ್ಥೊಕ್ರೊಮ್ಯಾಟಿಕ್ ಪ್ಲೇಟು. ಅದಕ್ಕೆ ನೀಲಿ ಚೆನ್ನಾಗಿ ಕಾಣುತ್ತದೆ, ಹಸಿರು ಸಾಕಷ್ಟು ಕಾಣುತ್ತದೆ, ಕೆಂಪು ಮಾತ್ರ ಕಾಣುವುದೇ ಇಲ್ಲ. ಕೆಂಪನ್ನೂ ನೋಡಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದರೂ ಸ್ಟುಡಿಯೊಗಳು ಹಳೆಯದನ್ನು ಬೇಗ ಬಿಡಲಿಲ್ಲ. ಕೆಂಪು ಕಾಣದ ಪ್ಲೇಟನ್ನು ಕೆಂಪು ದೀಪದಡಿ ಕಣ್ಣಾರೆ ನೋಡುತ್ತ ತೊಳೆಯಬಹುದು, ಎಲ್ಲಿ ನಿಲ್ಲಿಸಬೇಕೆಂದು ಕೈಯಲ್ಲೇ ತಿಳಿಯುತ್ತದೆ. ಎಲ್ಲ ಬಣ್ಣ ಕಾಣುವ ಪ್ಲೇಟಿಗಾದರೆ ಪೂರ್ತಿ ಕತ್ತಲೆ ಬೇಕು.

ಇದರಿಂದ ಬಣ್ಣ ಹಚ್ಚುವವರಿಗೆ ಆಗುವ ತೊಂದರೆ ದೊಡ್ಡದು. ಬೂದು ಛಾಯೆ ದಟ್ಟವಾಗಿದ್ದರೆ ಬಟ್ಟೆಯೂ ದಟ್ಟ, ತಿಳಿಯಾಗಿದ್ದರೆ ಬಟ್ಟೆಯೂ ತಿಳಿ ಎಂದು ನಾವು ಸಹಜವಾಗಿ ನಂಬುತ್ತೇವೆ. ಆರ್ಥೊ ಪ್ಲೇಟಿನಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಕೆಂಪು, ಕುಸುಮೆ, ದಾಳಿಂಬೆ ಬಣ್ಣದ ಬಟ್ಟೆ ಕಪ್ಪಿಗೆ ಇಳಿಯುತ್ತದೆ. ನೀಲಿ ಬಟ್ಟೆ ತನ್ನ ನಿಜರೂಪಕ್ಕಿಂತ ತಿಳಿಯಾಗುತ್ತದೆ. ಅರಿಶಿನ, ಬಂಗಾರ ಮಂಕಾಗುತ್ತವೆ. ನಮ್ಮ ಕಂದು ಚರ್ಮ ಹೆಚ್ಚಾಗಿ ಹಿಂದಿರುಗಿಸುವುದು ಕೆಂಪು ಬೆಳಕನ್ನೇ ಆದ್ದರಿಂದ ಮುಖವೂ ಕೈಯೂ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತವೆ. ಆದ್ದರಿಂದ ಮೊದಲ ಕೆಲಸ ಬಣ್ಣ ಆರಿಸುವುದಲ್ಲ, ಫೋಟೊ ಯಾವ ಕಣ್ಣಿನಿಂದ ನೋಡಿದೆ ಎಂದು ಪತ್ತೆ ಹಚ್ಚುವುದು. ಕುಂಕುಮ ಅದಕ್ಕೆ ಒಳ್ಳೆಯ ಸಾಕ್ಷಿ. ಅದು ಅಚ್ಚ ಕಪ್ಪಾಗಿದ್ದು, ತುಟಿಗಳೂ ದಟ್ಟವಾಗಿದ್ದರೆ ಆರ್ಥೊ ಎಂದುಕೊಳ್ಳಬಹುದು. ಆದರೆ ಒಂದೇ ಸಾಕ್ಷಿಯನ್ನು ನೆಚ್ಚಬಾರದು. ಹುಡುಗಿಯರ ಹಣೆಗೆ ಕಪ್ಪು ಸಾದು ಇಡುವ ರೂಢಿಯಿತ್ತು. ಕೆಲವು ಸ್ಟುಡಿಯೊಗಳಲ್ಲಿ ಪ್ರಿಂಟಿನ ಮೇಲೆ ಕುಂಚದಿಂದ ಕುಂಕುಮ ತಿದ್ದುತ್ತಿದ್ದರು. ತಿದ್ದಿದ್ದಾದರೆ ಭೂತಗನ್ನಡಿಯಲ್ಲಿ ಅಂಚು ಗೊತ್ತಾಗುತ್ತದೆ, ಓರೆ ಬೆಳಕಿನಲ್ಲಿ ಅಷ್ಟು ಜಾಗದ ಹೊಳಪು ಬೇರೆಯಾಗಿ ಕಾಣುತ್ತದೆ.

ಧಾರವಾಡದ ಒಂದು ಮನೆತನದ ಫೋಟೊ ಹಿಡಿದು ಇದನ್ನು ವಿವರಿಸುತ್ತೇನೆ. 1930ರ ದಶಕದ್ದು, ಸ್ಟುಡಿಯೊದಲ್ಲಿ ತೆಗೆದದ್ದು. ನಡುವೆ ಕುರ್ಚಿಯಲ್ಲಿ ಅಜ್ಜ: ಮುಚ್ಚು ಕಾಲರಿನ ಕೋಟು, ಧೋತರ, ತಲೆಗೆ ದಟ್ಟ ಬಣ್ಣದ ರುಮಾಲು. ಪಕ್ಕದಲ್ಲಿ ಅಜ್ಜಿ: ಕಚ್ಚೆ ಹಾಕಿ ಉಟ್ಟ ಸೀರೆ, ಕುಬಸ, ಬಲಭುಜದ ಮೇಲೆ ಹರಡಿದ ಸೆರಗು. ಹಿಂದೆ ನಿಂತ ಮಗನಿಗೆ ಬಿಳಿ ಟೋಪಿ. ಕಾಲ ಬಳಿ ಲಂಗ ತೊಟ್ಟ ಹುಡುಗಿ. ಅಜ್ಜಿಯ ಸೀರೆಯ ಒಡಲು ನಡುಬೂದು, ಸೆರಗು ಹೆಚ್ಚುಕಡಿಮೆ ಕಪ್ಪು. ಆ ಕಪ್ಪಿನ ನಡುವೆ ಬಿಳಿಯ ಗೆರೆಗಳೂ ಹಲ್ಲಿನಂಥ ಏಣುಗಳೂ ಸ್ಪಷ್ಟವಾಗಿವೆ.

ಮನೆಯ ಹಿರಿಯ ಮೊಮ್ಮಗಳು ಫೋಟೊ ಕೊಡುವಾಗಲೇ ಹೇಳಿದರು: “ಆಯಿ ಕರಿ ಸೀರಿ ಉಟ್ಟು ಫೋಟೊಕ್ಕ ಕೂತಿರಲಿಕ್ಕಿಲ್ಲ ಬಿಡ್ರಿ. ಆದ್ರ ಇದರಾಗ ಮಾತ್ರ ಕರಿನ ಕಾಣ್ತದ.”

ಅವರ ಅನುಮಾನ ಸರಿಯಾಗಿಯೇ ಇತ್ತು, ಆದರೆ ಅಷ್ಟರಿಂದಲೇ ತೀರ್ಮಾನಿಸುವಂತಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿಯಂಥ ಕಪ್ಪು ಸೀರೆಯನ್ನು ಸಂಭ್ರಮದಿಂದಲೇ ಉಡುತ್ತಿದ್ದರು. ಶುಭಕ್ಕೆ ಕಪ್ಪು ಬೇಡ ಎಂಬ ಮಾತನ್ನು ಎಲ್ಲ ಫೋಟೊಕ್ಕೂ ಅನ್ವಯಿಸಲಾಗದು. ಇಲ್ಲಿ ತೀರ್ಪು ಕೊಟ್ಟದ್ದು ನೇಯ್ಗೆ. ಸೆರಗಿನಲ್ಲಿ ದಟ್ಟ ಪಟ್ಟಿ, ನಡುವೆ ಬಿಳಿ ವಿನ್ಯಾಸ, ಮತ್ತೆ ದಟ್ಟ ಪಟ್ಟಿ ಎಂಬ ಕ್ರಮ ಇಳಕಲ್ ಸೀರೆಯ ಟೋಪ ತೆನಿ ಸೆರಗಿನದು. ಇಳಕಲ್ಲಿನಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಬೇರೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರಬಹುದು, ಒಡಲು ಯಾವ ಬಣ್ಣದ್ದೇ ಇರಲಿ, ಸಾಂಪ್ರದಾಯಿಕ ಟೋಪ ತೆನಿಯ ದಟ್ಟ ಪಟ್ಟಿ ಕೆಂಪೇ. ಅಂದರೆ ಫೋಟೊದ ಅತಿ ಕಪ್ಪು ಜಾಗವೇ ಸೀರೆಯ ಅತಿ ಉಜ್ವಲವಾದ ಜಾಗ.

ಅದೃಷ್ಟಕ್ಕೆ ಟ್ರಂಕಿನಲ್ಲಿ ಆಯಿಯ ಕಾಲದ ಒಂದು ಇಳಕಲ್ ಸೀರೆ ಉಳಿದಿತ್ತು. ಅದೇ ಸೀರೆ ಎಂದು ಹೇಳಲು ಬರುವುದಿಲ್ಲ, ದಡಿಯ ವಿನ್ಯಾಸ ಬೇರೆ. ಆದರೂ ಬಣ್ಣ ತಿಳಿಯಲು ಅದು ಸಾಕು. ಹಳೆಯ ಬಟ್ಟೆಯಿಂದ ಬಣ್ಣ ತೆಗೆದುಕೊಳ್ಳುವಾಗ ಹೊರಮೈ ನೋಡಬಾರದು. ಎಷ್ಟೋ ವರ್ಷ ಮಡಿಕೆಯ ಒಳಗೇ ಉಳಿದ ಭಾಗ, ಅಂಚು ಮಡಚಿ ಹೊಲಿದ ಕಡೆಯ ಒಳಬದಿ, ಇವುಗಳಲ್ಲಿ ಬಿಸಿಲು ತಾಗದ ಬಣ್ಣ ಸಿಗುತ್ತದೆ. ಸೀರೆಯನ್ನು ಕಿಟಕಿ ಬಳಿ, ನೇರ ಬಿಸಿಲಿಲ್ಲದ ಕಡೆ ಹರವಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಚಿತ್ರ ತೆಗೆದೆವು. ಕಾಗದ ಬಿಳಿಯಾಗಿಯೇ ಕಾಣುವಂತೆ ಸರಿಪಡಿಸಿದ ಮೇಲೆ ಸೆರಗಿನ ಕೆಂಪು ಕಂಪ್ಯೂಟರಿನ ಲೆಕ್ಕದಲ್ಲಿ ಸರಿಸುಮಾರು ಕೆಂಪು 140, ಹಸಿರು 28, ನೀಲಿ 35 ಎಂದು ಸಿಕ್ಕಿತು. ಒಡಲಿನ ಬಗ್ಗೆ ಮೊಮ್ಮಗಳ ನೆನಪು ಗಟ್ಟಿಯಾಗಿತ್ತು: ಅಜ್ಜಿ ಮೆಚ್ಚಿದ್ದು ನೀಲಿಯನ್ನು, ಅದೂ ಕಡುನೀಲಿಯನ್ನು. ಟ್ರಂಕಿನ ಸೀರೆಯ ಒಡಲೂ ಅದೇ, ಸುಮಾರು 40, 52, 96.

ಈಗ ಒಂದು ಸ್ಥೂಲ ಲೆಕ್ಕ ಮಾಡಿ ನೋಡೋಣ. ನಮ್ಮ ಕಣ್ಣಿನ ಅಳತೆಗೆ ಆ ಕೆಂಪನ್ನು ಬೂದಾಗಿಸಿದರೆ, 0 ಅಂದರೆ ಕಪ್ಪು, 255 ಅಂದರೆ ಬಿಳುಪು ಎಂಬ ಮೆಟ್ಟಿಲಿನಲ್ಲಿ ಅದು 62ರ ಹತ್ತಿರ ನಿಲ್ಲುತ್ತದೆ. ಕಡುನೀಲಿ ನಿಲ್ಲುವುದು 53ರ ಹತ್ತಿರ. ಎರಡೂ ಅಕ್ಕಪಕ್ಕ, ಸೆರಗೇ ತುಸು ಹೊಳಪು. ಕೆಂಪನ್ನು ಲೆಕ್ಕಕ್ಕೇ ಹಿಡಿಯದ, ನೀಲಿಗೆ ಹೆಚ್ಚು ತೂಕ ಕೊಡುವ ಪ್ಲೇಟಿಗೆ ಅದೇ ಸೆರಗು 30ರ ಸುತ್ತ, ಅದೇ ಒಡಲು 74ರ ಸುತ್ತ ಕಾಣುತ್ತದೆ. ಫೋಟೊವನ್ನು ಸ್ಕ್ಯಾನ್ ಮಾಡಿ ಅಳೆದಾಗ ಸೆರಗಿಗೆ 33, ಒಡಲಿಗೆ 78 ಬಂತು. ಪ್ರಿಂಟು ಮಾಡಿದ ಕಾಗದವೂ ಕಾಲವೂ ಈ ಅಂಕಿಗಳನ್ನು ಅಲುಗಾಡಿಸಿರುತ್ತವೆ, ಆದ್ದರಿಂದ ಇದು ಪುರಾವೆಯೇನಲ್ಲ. ಆದರೆ ಸೆರಗು-ಒಡಲುಗಳ ಸ್ಥಾನ ತಿರುವುಮುರುವಾಗಿರುವ ರೀತಿ ನಮ್ಮ ಊಹೆಗೆ ಹೊಂದುತ್ತದೆ. ಒಡಲೂ ಕೆಂಪಾಗಿದ್ದರೆ ಈ ಅಂತರ ಇಷ್ಟಿರುತ್ತಿರಲಿಲ್ಲ.

ಇಲ್ಲಿಯೇ ಬಣ್ಣ ಹಚ್ಚುವವರು ಹೆಚ್ಚಾಗಿ ಎಡವುವುದು. ಫೋಟೊಶಾಪ್‌ನಲ್ಲಿ ಹೊಸ ಲೇಯರ್ ತೆಗೆದು ಅದನ್ನು `Color` ಎಂಬ ಬಗೆಗೆ ಇಟ್ಟು ಬಣ್ಣ ಬಳಿಯುವುದು ರೂಢಿಯ ವಿಧಾನ. ಗಿಂಪ್‌ನಲ್ಲಿ ಅದಕ್ಕೆ `LCh Color` ಇದೆ. ಈ ಬಗೆಯಲ್ಲಿ ಬಣ್ಣ ಮಾತ್ರ ಮೇಲಿನ ಲೇಯರಿನದು, ಬೆಳಕು-ನೆರಳು ಕೆಳಗಿನ ಫೋಟೊದ್ದು. 33ರಷ್ಟು ಕಪ್ಪಿನ ಮೇಲೆ ಎಷ್ಟೇ ಕೆಂಪು ಬಳಿದರೂ ಅದು ಕೆಂಪಾಗುವುದಿಲ್ಲ, ಕಾಫಿಯ ಕರೆ ಹತ್ತಿದ ಕಪ್ಪಾಗುತ್ತದೆ. ಆಗ ಜನ ಇನ್ನೂ ಕಡು ಕೆಂಪು ಸುರಿಯುತ್ತಾರೆ. ನೆರಳಿನ ಮಡಿಕೆಗಳಲ್ಲಿ ಅದು ಉರಿಯುವ ಕೆಂಡದಂತೆ ಎದ್ದು ಕೂರುತ್ತದೆ, ಮೇಲಿನ ಭಾಗ ಮಾತ್ರ ಹಾಗೇ ಇರುತ್ತದೆ. ಬೇಕಾದದ್ದು ಹೆಚ್ಚು ಬಣ್ಣವಲ್ಲ, ಅದರ ಕೆಳಗೆ ಸರಿಯಾದ ಬೆಳಕು.

ಹಾಗಾಗಿ ಬಣ್ಣಕ್ಕೆ ಮೊದಲು ಬೂದನ್ನೇ ತಿದ್ದಬೇಕು. ಮೂಲ ಪ್ರಿಂಟನ್ನು 600 ಡಿಪಿಐನಲ್ಲಿ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿಕೊಂಡಿದ್ದರೆ ಈ ಹಂತದಲ್ಲಿ ಅದು ನೆರವಾಗುತ್ತದೆ, 8 ಬಿಟ್‌ನಲ್ಲಿ ಕಪ್ಪನ್ನು ಮೇಲೆತ್ತಿದರೆ ನುಣುಪಾಗಿರಬೇಕಾದ ನೆರಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಹಳದಿಯಾದ ಪ್ರಿಂಟಿನ ಛಾಯೆ ತೆಗೆದು ಶುದ್ಧ ಬೂದಾಗಿಸಿ, ಸೆರಗಿನ ದಟ್ಟ ಪಟ್ಟಿಗಳಿಗೆ ಮಾತ್ರ ಒಂದು ಮಾಸ್ಕ್ ಬರೆದು, `Curves` ಬಳಸಿ 33ನ್ನು 60ರ ತನಕ ಎತ್ತಿದೆ. ಮಡಿಕೆಯ ಆಳದ ಕಪ್ಪನ್ನು ಮುಟ್ಟಲಿಲ್ಲ. ಬಿಳಿ ಏಣುಗಳು ಮಾಸ್ಕಿನ ಹೊರಗಿರಬೇಕು, ಇಲ್ಲದಿದ್ದರೆ ಅವೂ ಎದ್ದು ಸೆರಗು ಸುಣ್ಣ ಬಳಿದಂತಾಗುತ್ತದೆ. ರೇಷ್ಮೆಯ ಮಡಿಕೆ ತುದಿಯಲ್ಲಿ ಮಿಂಚುವ ಗೆರೆಗಳಿವೆಯಲ್ಲ, ಅವು ಬಟ್ಟೆಯ ಬಣ್ಣವನ್ನು ಹೊತ್ತಿರುವುದಿಲ್ಲ. ಬಟ್ಟೆಯ ಮೇಲ್ಮೈಯಿಂದ ಪುಟಿದ ಬೆಳಕದು, ಆರ್ಥೊ ಪ್ಲೇಟಿಗೂ ಬಿಳಿಯಾಗಿಯೇ ಕಂಡಿದೆ. ಅಲ್ಲಿ ಕೆಂಪನ್ನು ಅರ್ಧಕ್ಕಿಂತ ಕಡಿಮೆ ಮಾಡಿದರೆ ರೇಷ್ಮೆ ರೇಷ್ಮೆಯಾಗಿ ಕಾಣುತ್ತದೆ, ಹಾಗೇ ಬಿಟ್ಟರೆ ಪ್ಲಾಸ್ಟಿಕ್ಕಾಗುತ್ತದೆ. ಒಡಲಿಗೆ ಇದರ ಉಲ್ಟಾ: 78ನ್ನು 58ರ ತನಕ ಇಳಿಸಿ, ಆಮೇಲೆ ನೀಲಿ. ಹತ್ತಿಗೆ ಮಿಂಚು ಕಡಿಮೆ, ಆದ್ದರಿಂದ ಬಣ್ಣ ಸಮನಾಗಿ ಹರಡಿದರೂ ನಡೆಯುತ್ತದೆ.

ಎತ್ತಿದ ಮೇಲೆ ಏನೂ ಸಿಗದ ಜಾಗಗಳೂ ಇರುತ್ತವೆ. ಅಜ್ಜಿಯ ತೋಳಿನ ಕೆಳಗೆ ಸೆರಗು ಮಡಿಚಿಕೊಂಡಲ್ಲಿ ಪ್ಲೇಟಿಗೆ ಬೆಳಕೇ ತಲುಪಿಲ್ಲ. ಅಲ್ಲಿ ಎತ್ತಿದರೆ ನೇಯ್ಗೆ ಬರುವುದಿಲ್ಲ, ಮರಳಿನಂಥ ಚುಕ್ಕೆ ಬರುತ್ತದೆ. ಅದನ್ನು ಕಪ್ಪು ಕೆಂಪಾಗಿಯೇ ಬಿಟ್ಟೆ.

ಅಜ್ಜನ ರುಮಾಲಿನದೂ ಇದೇ ಕಥೆ. ಕೋಟೂ ರುಮಾಲೂ ಫೋಟೊದಲ್ಲಿ ಒಂದೇ ಕಪ್ಪು. ಕೋಟು ಉಣ್ಣೆಯದು, ಕಪ್ಪೋ ಕಡುಕಂದೋ ಇರಬಹುದು. ರುಮಾಲು ಕೆಂಪಿರಬಹುದು ಎಂಬ ಶಂಕೆ ನನಗೆ ಬಂದದ್ದು ಧೋತರದ ಅಂಚಿನಿಂದ. ಸಪೂರವಾದ ಆ ದಡಿಯೂ ಅಷ್ಟೇ ಕಪ್ಪು. ಧೋತರಕ್ಕೆ ಕೆಂಪು ದಡಿ ಸಾಮಾನ್ಯವಾಗಿತ್ತು, ಮನೆಯವರ ನೆನಪೂ ಹಾಗೇ ಇತ್ತು. ಆದರೂ ಕಪ್ಪು ದಡಿಯ ಧೋತರಗಳೂ ಇದ್ದವು. ಆರ್ಥೊ ಪ್ಲೇಟಿನಲ್ಲಿ ಕೆಂಪು ಬಟ್ಟೆಯನ್ನೂ ಕಪ್ಪು ಬಟ್ಟೆಯನ್ನೂ ಬೇರ್ಪಡಿಸುವ ಗುರುತು ಫೋಟೊದೊಳಗೆ ಉಳಿದಿರುವುದೇ ಇಲ್ಲ, ಎಷ್ಟು ದೊಡ್ಡದು ಮಾಡಿ ನೋಡಿದರೂ ಅಷ್ಟೇ. ಹೊರಗಿನ ಸಾಕ್ಷಿ ಬೇಕೇ ಬೇಕು. ರುಮಾಲಿಗೆ ಸಿಕ್ಕಿದ್ದು ಮನೆಯವರ ಮಾತು ಮಾತ್ರ: “ಅಜ್ಜಾರದು ಕೆಂಪು ರುಮಾಲ, ಓಣಿ ತುದಿಗಿಂದನ ಗೊತ್ತಾಗ್ತಿತ್ತು.” ಅದನ್ನು ನಂಬಿದೆ.

ಬಣ್ಣದ ಉಜ್ವಲತೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಹಳೆಯ ಕಾಲವೆಂದರೆ ಮಸುಕು ಕಂದು, ಮಣ್ಣು ಬಣ್ಣ ಎಂಬ ಕಲ್ಪನೆಯಿಂದ ಎಷ್ಟೋ ಜನ ಅಜ್ಜ-ಅಜ್ಜಿಯರನ್ನು ಮಾಸಲು ಬಟ್ಟೆಯಲ್ಲಿ ಕೂರಿಸುತ್ತಾರೆ. ಮಾಸಿದ್ದು ಪ್ರಿಂಟು, ಬಟ್ಟೆಯಲ್ಲ. ಇಂಗ್ಲೆಂಡಿನ ಪರ್ಕಿನ್ 1856ರಲ್ಲೇ ಕೃತಕ ನೇರಳೆ ಬಣ್ಣ ಮಾಡಿದ್ದರು. ಮಂಜಿಷ್ಠದ ಬೇರಿನ ಕೆಂಪು 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾಯಿತು. ಕೃತಕ ನೀಲಿ 1897ರಿಂದ ಮಾರುಕಟ್ಟೆಗೆ ಬಂತು. 1930ರ ದಶಕದ ಹಬ್ಬದ ಸೀರೆ ಕಣ್ಣಿಗೆ ಹೊಡೆಯುವಷ್ಟು ಬಣ್ಣದ್ದಾಗಿರಲು ಏನೂ ಅಡ್ಡಿಯಿರಲಿಲ್ಲ. ಆಗ ಇಲ್ಲದೆ ಇದ್ದವು ಬೇರೆ. ಹತ್ತಿಯ ಎಳೆಗೇ ಅಂಟಿಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಬಂದದ್ದು 1956ರಲ್ಲಿ. ಇಂದಿನ ಹತ್ತಿ ಸೀರೆಗಳ ಚೂಪಾದ ವೈಡೂರ್ಯ ನೀಲಿ, ಕಣ್ಣು ಕೋರೈಸುವ ಗಿಳಿಹಸಿರು ಹೆಚ್ಚಾಗಿ ಅವುಗಳ ಕೊಡುಗೆ. ಮಿನುಗುವ ಗುಲಾಬಿ, ನಿಂಬೆಯಂಥ ಫ್ಲೋರೊಸೆಂಟ್ ಬಣ್ಣಗಳೂ ಆಗಿನ ಬಟ್ಟೆಯಲ್ಲಿ ಸಲ್ಲ.

ಬಿಳುಪಿನ ವಿಷಯವೂ ಹೀಗೆಯೇ. ಇಂದಿನ ಸಾಬೂನು ಪುಡಿಯಲ್ಲಿರುವ ಹೊಳಪುಕಾರಕಗಳು ಎರಡನೇ ಮಹಾಯುದ್ಧದ ಹೊತ್ತಿನಿಂದ ಈಚೆಗೆ ಬಳಕೆಗೆ ಬಂದವು. ಅದಕ್ಕೆ ಮೊದಲಿನ ಧೋತರದ ಬಿಳುಪು ಹತ್ತಿಯ ಸ್ವಂತ ಕೆನೆಬಣ್ಣ, ಮೇಲೆ ಮನೆಯವರು ಅದ್ದಿದ ನೀಲಿ. ಹಾಗಾಗಿ ಧೋತರದ ಬೆಳಕಿನ ಭಾಗಕ್ಕೆ ತೀರಾ ತೆಳುವಾದ ಕೆನೆ, ಮಡಿಕೆಯ ನೆರಳಿಗೆ ತುಸು ನೀಲಿ ಸೇರಿಸಿದರೆ ಸಾಕು. ಮಗನ ಟೋಪಿ ಖಾದಿಯದೆಂದು ಎಳೆಯ ಒರಟುತನದಿಂದಲೇ ಗೊತ್ತಾಗುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಹಳದಿ. ಅತಿ ಬಿಳಿಯಾದ ಜಾಗವನ್ನೂ 240ರೊಳಗೆ ಇಟ್ಟುಕೊಳ್ಳಬೇಕು, ಏಕೆಂದರೆ 255ಕ್ಕೆ ಮುಟ್ಟಿದ ಬಿಳುಪಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಇನ್ನು ಮೈಬಣ್ಣ. ಇದರಲ್ಲಿ ನನಗೆ ಅತಿ ಹೆಚ್ಚು ಕಾಳಜಿ, ಏಕೆಂದರೆ ಸೀರೆಯ ಬಣ್ಣ ತಪ್ಪಿದರೆ ಸೀರೆ ಬದಲಾಗುತ್ತದೆ, ಮೈಬಣ್ಣ ತಪ್ಪಿದರೆ ಮನುಷ್ಯರೇ ಬದಲಾಗುತ್ತಾರೆ. ಫೋಟೊದ ಮುಖದ ಮೇಲೆ ಎರಡು ಎದುರುಬದುರು ಬಲಗಳು ಕೆಲಸ ಮಾಡಿವೆ. ಪ್ಲೇಟು ಚರ್ಮವನ್ನು ಕಪ್ಪಾಗಿಸಿದೆ. ಅದನ್ನು ಸರಿದೂಗಿಸಲು ಸ್ಟುಡಿಯೊದವರು ಮುಖಕ್ಕೆ ಪೌಡರ್ ಹಚ್ಚಿಸುತ್ತಿದ್ದರು, ಸಾಲದ್ದಕ್ಕೆ ನೆಗೆಟಿವ್ ಮೇಲೆ ಚೂಪಾದ ಸೀಸದಕಡ್ಡಿಯಿಂದ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಕಡ್ಡಿ ಎಳೆದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ, ಕಲೆ ಸುಕ್ಕು ಮಾಯವಾಗುತ್ತವೆ. ಅಜ್ಜಿಯ ಕೆನ್ನೆಯನ್ನು ದೊಡ್ಡದು ಮಾಡಿದಾಗ ಅಲ್ಪವಿರಾಮದಂಥ ಸಣ್ಣ ಗೆರೆಗಳು ಕಂಡವು. ದವಡೆಯ ಅಂಚಿಗೆ ಅವು ನಿಂತುಹೋಗಿ, ಅಲ್ಲಿಂದ ಕುತ್ತಿಗೆ ಒಮ್ಮೆಲೇ ಕಪ್ಪಾಗುತ್ತಿತ್ತು. ಅಂಥ ಮುಖದಿಂದ ಮೈಬಣ್ಣ ಅಳೆಯಬಾರದು. ಕಿವಿ, ಕುತ್ತಿಗೆಯ ಬದಿ, ಮಡಿಲಲ್ಲಿಟ್ಟ ಕೈ, ಇವುಗಳನ್ನು ಯಾರೂ ತಿದ್ದಿರುವುದಿಲ್ಲ.

ಅಜ್ಜಿಯ ಮುಂಗೈಯ ಬೂದು 84, ಪಕ್ಕದ ಬಿಳಿ ಬಟ್ಟೆ 235. ಅಜ್ಜಿಯ ಬಣ್ಣವೇ ಬಂದಿದೆ ಎಂದು ಮನೆಯವರೆಲ್ಲ ಒಪ್ಪುವ ಒಬ್ಬ ಮೊಮ್ಮಗಳ ಮುಂಗೈಯನ್ನು ನೆರಳಿನಲ್ಲಿ, ಬಿಳಿ ಹತ್ತಿ ಬಟ್ಟೆಯ ಮೇಲೆ ಇಟ್ಟು ಚಿತ್ರ ತೆಗೆದೆವು. ಬಟ್ಟೆಯ ಬಿಳುಪನ್ನು 235ಕ್ಕೆ ತಂದಾಗ ಕೈ 112ರಲ್ಲಿತ್ತು. ಅಜ್ಜಿಯ ಕೈ ಕುತ್ತಿಗೆಗಳನ್ನು ಅಷ್ಟಕ್ಕೆ ಎತ್ತಿದೆ, ಮುಖವನ್ನು ಎತ್ತಲಿಲ್ಲ, ಬದಲಿಗೆ ಕುತ್ತಿಗೆಗೆ ಹೊಂದುವಂತೆ ತುಸು ಇಳಿಸಿದೆ. ಮನೆಯ ಕಿರಿಯರೊಬ್ಬರಿಗೆ ಅಜ್ಜಿ ಇನ್ನಷ್ಟು ಬೆಳ್ಳಗೆ ಬೇಕಿತ್ತು. ಹಿರಿಯ ಮೊಮ್ಮಗಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಸ್ಟುಡಿಯೊದ ಸೀಸದಕಡ್ಡಿ ಒಮ್ಮೆ ಮಾಡಿದ್ದನ್ನು ನಾವು ಬಣ್ಣದಲ್ಲಿ ಮತ್ತೊಮ್ಮೆ ಮಾಡಬಾರದು.

ಚರ್ಮಕ್ಕೆ ಒಂದೇ ಬಣ್ಣ ಬಳಿದರೆ ಮುಖ ಜೇಡಿಮಣ್ಣಿನ ಗೊಂಬೆಯಾಗುತ್ತದೆ. ಬೆಳಕು ಬಿದ್ದಲ್ಲಿ, ನಡುವೆ, ನೆರಳಿನಲ್ಲಿ ಚರ್ಮದ ಬಣ್ಣವೇ ಬೇರೆ ಬೇರೆ. ಅಜ್ಜಿಗೆ ನಾನು ಹಿಡಿದ ನಡುಛಾಯೆ 150, 105, 80. ಬೆಳಕಿನ ಕಡೆಗೆ 205, 165, 135, ಅಂದರೆ ತುಸು ಹಳದಿಯತ್ತ, ಬಣ್ಣದ ಗಾಢತೆ ಕಡಿಮೆ. ನೆರಳಿಗೆ 80, 50, 38, ಅಂದರೆ ತುಸು ಕೆಂಪಿನತ್ತ, ಗಾಢತೆ ಹೆಚ್ಚು. ನೆರಳಿಗೆ ಬೂದು ಸೇರಿಸುವುದು ಹೊಸಬರು ಮಾಡುವ ಕೆಲಸ, ಅದರಿಂದ ಮುಖಕ್ಕೆ ಕಾಯಿಲೆಯ ಕಳೆ ಬರುತ್ತದೆ. ಈ ಮೂರರ ಮೇಲೆ ಬೇರೆ ತೆಳು ಲೇಯರ್‌ಗಳಲ್ಲಿ ರಕ್ತ ಮೇಲಕ್ಕೆ ಬರುವ ಜಾಗಗಳಿಗೆ ಕೆಂಪು ಛಾಯೆ ಬೇಕು: ಕಿವಿಯ ಹಾಲೆ, ಮೂಗಿನ ತುದಿ, ಕೆನ್ನೆ, ಬೆರಳ ತುದಿ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಗುಲಾಬಿಯಲ್ಲ, ಇಟ್ಟಿಗೆಯ ಕಡೆಯದು. ಬೆರಳ ಗೆಣ್ಣುಗಳು, ಕಣ್ಣಿನ ಕೆಳಗು ನಸುಗಪ್ಪು. ಕ್ಷೌರ ಮಾಡಿದ ಗಂಡಸರ ಗಲ್ಲಕ್ಕೆ ಹಸಿರು ಬೆರೆತ ಬೂದು. ಕಣ್ಣಿನ ಬಿಳುಪು ಎಂದೂ ಬಿಳಿಯಲ್ಲ, ಅದು ಬೆಚ್ಚನೆಯ ಬೂದು, ಅದನ್ನು ಬಿಳಿಯಾಗಿಸಿದ ಕೂಡಲೇ ಮುಖ ಬೆಚ್ಚಿದಂತಾಗುತ್ತದೆ. ಕೊನೆಗೆ ಸೆರಗಿನ ಕೆಂಪನ್ನು ಅಜ್ಜಿಯ ಗಲ್ಲದ ಕೆಳಗೂ ಮುಂಗೈಯ ಒಳಬದಿಗೂ ನೂರಕ್ಕೆ ಐದಾರರಷ್ಟು ಮಾತ್ರ ಹಾಯಿಸಿದೆ. ಬಟ್ಟೆಯೂ ಚರ್ಮವೂ ಒಂದೇ ಬೆಳಕಿನಲ್ಲಿ ಕೂತಂತೆ ಕಾಣುವುದು ಆಗಲೇ.

ಬಂಗಾರಕ್ಕೂ ಒಂದೇ ಹಳದಿ ಸಲ್ಲದು. ಆರ್ಥೊ ಪ್ಲೇಟಿನಲ್ಲಿ ಮಂಕಾದ ಸರದ ಕಪ್ಪು ಭಾಗಕ್ಕೆ ಕಂದು, ನಡುವಿಗೆ ಗಾಢ ಅರಿಶಿನ, ಮಿಂಚಿಗೆ ಬರೀ ಕೆನೆ. ಕುಬಸ ಗುಳೇದಗುಡ್ಡದ ಖಣವೆಂದು ಅದರ ಸಣ್ಣ ನೇಯ್ಗೆಯ ಬುಟ್ಟಾಗಳಿಂದ ತಿಳಿಯಿತು. ಬೂದು ನಡುಮಟ್ಟದ್ದಿದ್ದುದರಿಂದ ಕೆಂಪಲ್ಲ ಎಂಬಷ್ಟು ಖಚಿತ, ಹಸಿರು ಎಂಬುದು ನನ್ನ ಆಯ್ಕೆ.

ಹುಡುಗಿಯ ಲಂಗಕ್ಕೆ ಮಾತ್ರ ಯಾವ ಸಾಕ್ಷಿಯೂ ಸಿಗಲಿಲ್ಲ. ತಿಳಿಬೂದು ಬಟ್ಟೆ, ಸಣ್ಣ ಹೂವಿನ ಅಚ್ಚು. ತಿಳಿನೀಲಿಯೂ ಆಗಬಹುದು, ಬಿಳಿಯೂ ಆಗಬಹುದು, ಕೊಂಚ ಗಾಢವಾದ ನೀಲಿಯೇ ತಿಳಿಯಾಗಿ ಬಂದಿರಬಹುದು. ಕೆಂಪು ಆಗಲಾರದು ಎಂಬುದೊಂದೇ ಗೊತ್ತಿರುವ ಸಂಗತಿ. ಮನೆಯವರನ್ನು ಕೇಳಿ ತಿಳಿನೀಲಿ ಹಚ್ಚಿದೆ. ಮುದ್ರಿಸಿದ ಪ್ರತಿಯ ಬೆನ್ನಿಗೆ ಸೀಸದಕಡ್ಡಿಯಲ್ಲಿ ಹೀಗೆ ಬರೆದು ಕೊಟ್ಟೆ: ಸೆರಗಿನ ಕೆಂಪು ಸೀರೆಯ ನೇಯ್ಗೆ ನೋಡಿ; ಒಡಲಿನ ನೀಲಿ ಟ್ರಂಕಿನ ಸೀರೆ ಮತ್ತು ಮನೆಯವರ ನೆನಪಿನಿಂದ; ರುಮಾಲು, ಧೋತರದ ದಡಿ ಮನೆಯವರ ಮಾತಿನಿಂದ; ಮೈಬಣ್ಣ ಅಜ್ಜಿಯ ತಿದ್ದದ ಕೈ ಮತ್ತು ಮೊಮ್ಮಗಳ ಕೈ ಹೋಲಿಸಿ; ಕುಬಸ, ಕೋಟು, ಲಂಗ ಊಹೆ. ಬಣ್ಣವಿಲ್ಲದ ಸ್ಕ್ಯಾನನ್ನೂ ಅದರ ಜೊತೆಗೇ ಕೊಟ್ಟಿದ್ದೇನೆ, ನಾಳೆ ಆ ಲಂಗದ ತುಂಡು ಯಾರದಾದರೂ ಕೌದಿಯಲ್ಲಿ ಸಿಕ್ಕರೆ ಅದೊಂದು ಲೇಯರನ್ನು ಮಾತ್ರ ಬದಲಿಸಿದರೆ ಸಾಕು.